ರೊಕ್ಕ ಇತ್ತು, ತೆಗೆಯೋ ಕೈ ಇರಲಿಲ್ಲ

ನಮ್ಮ ಮನೆ ಐವಾನ್-ಎ-ಶಾಹಿ ಕಡೆ. ನಿಜಾಮರ ಕಾಲದ ಅತಿಥಿಗೃಹದ ಹೆಸರೇ ಇಡೀ ಏರಿಯಾಕ್ಕೆ ಬಿದ್ದಿದೆ, ಆದರೆ ನಾವೇನೂ ಶಾಹಿ ಮಂದಿ ಅಲ್ಲ. ಬಾಡಿಗೆ ಮನೆ, ಒಬ್ಬರ ಪಗಾರ. ಅಪ್ಪ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಾನೆ. ಅವ್ವ, ಆಯಿ, ನಾವು, ತಂಗಿ, ಇಷ್ಟು ಜನಕ್ಕೆ ಅದೇ ಪಗಾರ.

ಹೋದ ವರ್ಷ ಮಾರ್ಚ್‌ನಲ್ಲಿ ಅಪ್ಪ ಕಮಲಾಪುರದಿಂದ ಬೈಕ್ ಮೇಲೆ ವಾಪಸ್ ಬರುವಾಗ ಬಿದ್ದ. ತಲೆಗೆ ಪೆಟ್ಟಾಗಿತ್ತು, ಬಲಗೈ ಮುರಿದಿತ್ತು. ಒಂಬತ್ತು ದಿನ ಐಸಿಯು, ಅದರಾಗ ಮೊದಲ ನಾಲ್ಕು ದಿನ ಎಚ್ಚರವೇ ಇರಲಿಲ್ಲ. ಆಸ್ಪತ್ರೆಯಲ್ಲಿ ಮೊದಲ ದಿನವೇ ಅಡ್ವಾನ್ಸ್ ಕಟ್ಟಬೇಕಿತ್ತು. ಅಪ್ಪನ ಹೆಸರಲ್ಲಿ ಬ್ಯಾಂಕಿನಲ್ಲಿ 85,000 ರೂಪಾಯಿ ಎಫ್‌ಡಿ ಇತ್ತು. ‘ಕಷ್ಟಕ್ಕ ಬೇಕಾಗ್ತದ’ ಅಂತಲೇ ನಾಲ್ಕು ವರ್ಷದಿಂದ ಕೂಡಿಸಿಟ್ಟಿದ್ದ ದುಡ್ಡು ಅದು. ಕಷ್ಟ ಬಂತು. ಆದರೆ ಎಫ್‌ಡಿ ಮುರಿಯಲು ಅಪ್ಪನ ಸಹಿ ಬೇಕು. ಎಟಿಎಂ ಪಿನ್ ಅಪ್ಪನ ತಲೆಯಲ್ಲಿತ್ತು, ಫೋನಿನ ಪ್ಯಾಟರ್ನ್ ಕೂಡ ಅಲ್ಲೇ. ಬ್ಯಾಂಕಿನವರು ಅವ್ವನಿಗೆ ಕುರ್ಚಿ ಕೊಟ್ಟು ಕೂಡಿಸಿ, ಮರ್ಯಾದೆಯಿಂದಲೇ, ಆಗೋದಿಲ್ಲ ಅಂದರು. ಅವರದೇನೂ ತಪ್ಪಿಲ್ಲ. ಗಂಡ ಆಸ್ಪತ್ರೆಯಲ್ಲಿದ್ದಾನೆ ಅಂತ ಯಾರೋ ಬಂದು ಹೇಳಿದರೆ ರೊಕ್ಕ ಕೊಟ್ಟುಬಿಡುವ ಬ್ಯಾಂಕಿನಲ್ಲಿ ನಾವೂ ದುಡ್ಡಿಡುವುದಿಲ್ಲ.

ಅವ್ವ ಅವತ್ತು ಸಂಜೆ ಒಂದು ಪಾಟ್ಲಿ ಮಾರಿದಳು. ಈಗಲೂ ಅವಳ ಬಲಗೈಯಲ್ಲಿ ಪಾಟ್ಲಿ ಇದೆ, ಎಡಗೈಯಲ್ಲಿ ಇಲ್ಲ.

ಎಮರ್ಜೆನ್ಸಿ ಫಂಡ್ ಬಗ್ಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ವಿಡಿಯೋ ಇವೆ. ಎಲ್ಲರೂ ಒಂದೇ ಸೂತ್ರ ಹೇಳುತ್ತಾರೆ: ಆರು ತಿಂಗಳ ಖರ್ಚು ಪಕ್ಕಕ್ಕಿಡಿ. ನಮ್ಮ ಅಭಿಪ್ರಾಯ ಇಷ್ಟು: ಒಬ್ಬರೇ ದುಡಿಯುವ ಮನೆಯಲ್ಲಿ ‘ಎಷ್ಟು ತಿಂಗಳು’ ಅನ್ನುವುದು ಎರಡನೇ ಪ್ರಶ್ನೆ. ‘ಯಾರು ತೆಗೆಯಬಹುದು’ ಅನ್ನುವುದು ಮೊದಲನೇದು. ಇಬ್ಬರು ದುಡಿಯುವ ಮನೆಯಲ್ಲಿ ಒಬ್ಬರು ಮಲಗಿದರೆ ಇನ್ನೊಬ್ಬರ ಪಗಾರವೂ ಇರುತ್ತದೆ, ಅಕೌಂಟೂ ಇರುತ್ತದೆ. ನಮ್ಮಂಥ ಮನೆಯಲ್ಲಿ ದುಡಿಯುವವನೂ ರೊಕ್ಕದ ಕೀಲಿಕೈ ಇಟ್ಟುಕೊಂಡವನೂ ಒಬ್ಬನೇ. ಅವನು ಬಿದ್ದರೆ ಎರಡೂ ಒಟ್ಟಿಗೇ ನಿಲ್ಲುತ್ತವೆ.

ನಾಮಿನಿ ಬೇರೆ, ಜಂಟಿ ಖಾತೆ ಬೇರೆ

‘ನಾಮಿನಿ ನೀನೇ ಇದ್ದೀಯಲ್ಲ’ ಅಂತ ಅಪ್ಪ ಅವ್ವನಿಗೆ ಯಾವಾಗಲೂ ಹೇಳುತ್ತಿದ್ದ. ನಾವೂ ಅದನ್ನೇ ನಂಬಿದ್ದೆವು. ಆದರೆ ನಾಮಿನಿಗೆ ಹಕ್ಕು ಬರುವುದು ಖಾತೆದಾರ ತೀರಿಕೊಂಡ ಮೇಲೆ. ಅವನು ಬದುಕಿದ್ದು ಆಸ್ಪತ್ರೆಯಲ್ಲಿ ಮಲಗಿದ್ದರೆ ನಾಮಿನಿ ಹೆಸರು ಬರೀ ಕಾಗದದ ಮೇಲಿನ ಹೆಸರು. ಬೇಕಾಗಿದ್ದದ್ದು ಜಂಟಿ ಖಾತೆ. ಅದರಲ್ಲೂ ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಅನ್ನುವ ಷರತ್ತಿನ ಖಾತೆ. ಬ್ಯಾಂಕಿನಲ್ಲಿ ‘ಐದರ್ ಆರ್ ಸರ್ವೈವರ್’ ಅಂತ ಕೇಳಿದರೆ ಫಾರಂ ಕೊಡುತ್ತಾರೆ. ಇಬ್ಬರ ಆಧಾರ್, ಪ್ಯಾನ್, ಫೋಟೋ ತೆಗೆದುಕೊಂಡು ಇಬ್ಬರೂ ಹೋಗಬೇಕು. ಅದೇ ಫಾರಂನಲ್ಲಿ ಅವ್ವನ ಹೆಸರಲ್ಲಿ ಬೇರೆ ಎಟಿಎಂ ಕಾರ್ಡ್ ಕೂಡ ಕೇಳಬೇಕು.

ಇದರೊಳಗೂ ಒಂದು ಸಣ್ಣ ಗುಂಡಿ ಇದೆ. ಸೇವಿಂಗ್ಸ್ ಖಾತೆಯಲ್ಲಿ ಆ ಷರತ್ತಿದ್ದರೆ ಯಾರಾದರೂ ಒಬ್ಬರು ಹೋಗಿ ರೊಕ್ಕ ತೆಗೆಯಬಹುದು. ಎಫ್‌ಡಿ ಹಾಗಲ್ಲ. ಅವಧಿ ಮುಗಿದ ಮೇಲೆ ತೆಗೆಯಲು ಒಬ್ಬರ ಸಹಿ ಸಾಕು, ಆದರೆ ಅವಧಿಗೆ ಮೊದಲೇ ಮುರಿಯಬೇಕೆಂದರೆ ಸಾಮಾನ್ಯವಾಗಿ ಇಬ್ಬರದೂ ಸಹಿ ಕೇಳುತ್ತಾರೆ. ಎಮರ್ಜೆನ್ಸಿ ಅಂದರೆ ಅವಧಿಗೆ ಮೊದಲೇ ಅಂತಲೇ ಅರ್ಥ ಅಲ್ಲವೇ? ಆದ್ದರಿಂದ ಕಷ್ಟಕ್ಕೆ ಇಡುವ ಎಫ್‌ಡಿಯನ್ನು ದುಡಿಯದವರ ಹೆಸರಲ್ಲಿ, ಅಂದರೆ ನಮ್ಮ ಮನೆಯಲ್ಲಿ ಅವ್ವನ ಒಬ್ಬಳ ಹೆಸರಲ್ಲೇ ಇಡುವುದು ಸರಳ. ಅಪ್ಪ ಮಲಗಿದರೆ ಅವ್ವ ಹೋಗಿ ಮುರಿಸುತ್ತಾಳೆ. ಅವ್ವ ಮಲಗಿದರೆ ಅಪ್ಪನ ಪಗಾರ ಇದ್ದೇ ಇದೆ. ಈ ಸಣ್ಣ ಲೆಕ್ಕ ನಮಗೆ ಹೊಳೆದದ್ದು ಪಾಟ್ಲಿ ಹೋದ ಮೇಲೆ.

ಇನ್ನೊಂದು ವಿಷಯವೂ ಆಮೇಲೆ ಗೊತ್ತಾಯಿತು. ಖಾತೆದಾರನಿಗೆ ಎಚ್ಚರವಿದ್ದು, ಸಹಿ ಮಾತ್ರ ಮಾಡಲು ಆಗದಿದ್ದರೆ, ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿಗಳ ಎದುರು ಹೆಬ್ಬೆಟ್ಟು ಒತ್ತಿಸಿ ರೊಕ್ಕ ಕೊಡಲು ನಿಯಮವಿದೆ. ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿ ಸ್ಥಾನದಲ್ಲಿರುವವರೇ ಆಗಿರಬೇಕು. ನಮ್ಮ ಎಫ್‌ಡಿ ಕೊನೆಗೆ ಬಿಡುಗಡೆಯಾದದ್ದು ಹಾಗೇ, ಹದಿನೆಂಟನೇ ದಿನ.

ಮುತ್ಯಾನ ಹಗೇವು

ಅಪ್ಪ ಚೇತರಿಸಿಕೊಳ್ಳುತ್ತಿದ್ದಾಗ ಕಮಲಾಪುರದ ಕಡೆಯಿಂದ ಮುತ್ಯಾ ನೋಡಲು ಬಂದಿದ್ದ. ಊರಿನ ಹಳೇ ಮನೆಯಲ್ಲಿ ಹಗೇವು ಇತ್ತು. ಗೊತ್ತಿಲ್ಲದ ಗೆಳೆಯರಿಗೆ ಹೇಳಬೇಕೆಂದರೆ, ಹಗೇವು ಅಂದರೆ ನೆಲದೊಳಗೆ ತೋಡಿದ ಜ್ವಾಳದ ಕಣಜ. ಮೇಲೆ ಸಣ್ಣ ಬಾಯಿ, ಒಳಗೆ ದೊಡ್ಡ ಹೊಟ್ಟೆ. ಬಾಯಿಗೆ ಕಲ್ಲು, ಮಣ್ಣು ಹಾಕಿ ಮುಚ್ಚಿಬಿಡುತ್ತಿದ್ದರು. ಮಳೆ ಹೋದ ವರ್ಷ ತೆಗೆಯುತ್ತಿದ್ದರು.

ಅಪ್ಪನ ಎಫ್‌ಡಿ ಕಥೆ ಕೇಳಿ ಮುತ್ಯಾ ಹೇಳಿದ: ‘ಹಗೇವು ದಿನಾ ತೆಗೆಯಂಗಿಲ್ಲಪಾ, ಒಮ್ಮೆ ತೆಗೆದ್ರ ಎಲ್ಲಾ ಹೊರಗ ತೆಗೀಬೇಕು. ಅದಕ್ಕ ದಿನಾ ಉಣ್ಣೂದು ಬ್ಯಾರೆ ಚೀಲದಾಗ ಇರತಿತ್ತು. ಮತ್ತ ಹಗೇವು ಬಾಯಿ ತೆಗೆದ ಕೂಡ್ಲೇ ಯಾರೂ ಒಳಗ ಇಳೀತಿರಲಿಲ್ಲ, ಗಾಳಿ ಆಡ್ಬೇಕು. ಒಳಗಿನ ಗಾಳಿ ಕೆಟ್ಟಿರ್ತದ, ಇಳಿದವ ಸಾಯ್ತಾನ.’

ಮುತ್ಯಾ ಎಕನಾಮಿಕ್ಸ್ ಓದಿಲ್ಲ, ಆದರೆ ನಮ್ಮ ತಪ್ಪನ್ನು ಸರಿಯಾಗಿಯೇ ಹಿಡಿದಿದ್ದ. ನಾವು ಹಗೇವು ಒಂದನ್ನೇ ಮಾಡಿ, ಚೀಲ ಮರೆತಿದ್ದೆವು. ತಕ್ಷಣಕ್ಕೆ ಒಂದಷ್ಟು, ನಾಳೆಗೆ ಒಂದಷ್ಟು, ಮುಂದಿನ ತಿಂಗಳಿಗೆ ಒಂದಷ್ಟು ಅಂತ ರೊಕ್ಕ ಬೇರೆ ಬೇರೆ ದೂರದಲ್ಲಿ ಇರಬೇಕು.

ಈಗ ನಮ್ಮ ಮನೆಯಲ್ಲಿ ಹೀಗೆ ಮಾಡಿದ್ದೇವೆ. ಮೊದಲನೇದು, ಮನೆಯಲ್ಲೇ 5,000 ರೂಪಾಯಿ ನಗದು. ರಾತ್ರಿ ಹೊತ್ತು ಆಟೋ, ಔಷಧಿ, ಸ್ಕ್ಯಾನಿಂಗ್ ಅಂತ ಓಡಾಡಲು. ಎರಡನೇದು, ಒಂದು ತಿಂಗಳ ಖರ್ಚು ಜಂಟಿ ಸೇವಿಂಗ್ಸ್ ಖಾತೆಯಲ್ಲಿ, ಅವ್ವನ ಕಾರ್ಡಿಗೆ ಸಿಗುವಂತೆ. ಮೂರನೇದು, ಉಳಿದದ್ದೆಲ್ಲ ಅವ್ವನ ಹೆಸರಲ್ಲಿ ಹತ್ತು ಹತ್ತು ಸಾವಿರದ ಸಣ್ಣ ಎಫ್‌ಡಿಗಳಲ್ಲಿ.

ಸಣ್ಣ ಎಫ್‌ಡಿ ಯಾಕೆ? 85,000 ಒಂದೇ ಗಂಟಾಗಿದ್ದರೆ, 20,000 ಬೇಕಾದಾಗಲೂ ಇಡೀ ಗಂಟನ್ನು ಬಿಚ್ಚಬೇಕಾಗಬಹುದು. ಆಗ ಇಡೀ ಮೊತ್ತಕ್ಕೆ ಬಡ್ಡಿ ಕಡಿಮೆಯಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಬಿಚ್ಚಿದ ಮೇಲೆ ಉಳಿದ 65,000 ಸೇವಿಂಗ್ಸ್ ಖಾತೆಗೆ ಬಂದು ಕೂತು ಮೆಲ್ಲಗೆ ಖರ್ಚಾಗಿ ಹೋಗುತ್ತದೆ. ಹತ್ತು ಸಾವಿರದ ತುಂಡುಗಳಾಗಿದ್ದರೆ ಎರಡನ್ನು ಮುರಿದರೆ ಸಾಕು, ಉಳಿದವು ಮುಚ್ಚಿದ ಹಗೇವಿನ ಹಾಗೆ ಹಾಗೇ ಇರುತ್ತವೆ. ಅವಧಿಗೆ ಮೊದಲೇ ಮುರಿದರೆ ದಂಡ ಬೀಳುತ್ತದೆ ಅಂತ ಅಪ್ಪ ಹೆದರುತ್ತಿದ್ದ. ಅಸಲಿಗೆ ಕೈ ಹಚ್ಚುವುದಿಲ್ಲ, ಬಡ್ಡಿಯಲ್ಲಿ ಒಂದಿಷ್ಟು ಕಡಿಮೆ ಮಾಡುತ್ತಾರೆ. ಹತ್ತು ಸಾವಿರದ ಐದಾರು ತಿಂಗಳ ಎಫ್‌ಡಿಗೆ ಅದು ನೂರು ರೂಪಾಯಿಯ ಆಸುಪಾಸು. ಕೈಸಾಲ ತಂದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಬಡ್ಡಿ, ಅಂದರೆ ಹತ್ತು ಸಾವಿರಕ್ಕೆ ಒಂದೇ ತಿಂಗಳಿಗೆ 300. ಯಾವುದಕ್ಕೆ ಹೆದರಬೇಕು ಅನ್ನುವುದನ್ನು ಇಲ್ಲೇ ನೋಡಬಹುದು.

ಎಷ್ಟು ಬೇಕು ಅನ್ನುವ ಲೆಕ್ಕ

ಅಪ್ಪನ ಪಗಾರ 28,000. ಖರ್ಚು ಮೊದಲು 26,000 ಆಗುತ್ತಿತ್ತು. ಆರು ತಿಂಗಳ ಸೂತ್ರ ಹಚ್ಚಿದರೆ 1,56,000. ಆ ಅಂಕಿ ಕೇಳಿಯೇ ಅವ್ವ ‘ಬಿಡ್ರಿ, ಇದು ನಮ್ ಮಂದೀಗಲ್ಲ’ ಅಂದಳು. ಬಹಳ ಮನೆಗಳಲ್ಲಿ ಮಾತು ಇಲ್ಲಿಗೇ ಮುಗಿಯುತ್ತದೆ ಅಂತ ಕಾಣುತ್ತದೆ.

ಆದರೆ ಲೆಕ್ಕ ಹಾಕಬೇಕಾದದ್ದು ಪಗಾರ ಬರುವ ತಿಂಗಳಿನ ಖರ್ಚನ್ನಲ್ಲ, ಪಗಾರ ನಿಂತ ತಿಂಗಳಿನ ಖರ್ಚನ್ನು. ನಾವು ಕೂತು ಬರೆದೆವು. ಬಾಡಿಗೆ 7,000. ಕಿರಾಣಿ, ಹಾಲು 6,500. ಗ್ಯಾಸ್, ಕರೆಂಟ್ 1,600. ಆಯಿಯ ಬಿಪಿ ಗುಳಿಗೆ 1,200. ಬೈಕ್ ಸಾಲದ ಕಂತು 2,300. ಶಾಲೆ, ಕಾಲೇಜು 2,500. ಪೆಟ್ರೋಲ್ 500, ಫೋನ್ 400. ಒಟ್ಟು 22,000. ಇದರಲ್ಲಿ ಹಬ್ಬ ಇಲ್ಲ, ಹೊಸ ಬಟ್ಟೆ ಇಲ್ಲ, ಹೊರಗಿನ ಊಟ ಇಲ್ಲ. ಬೈಕ್ ಕಂತು ಮಾತ್ರ ಇದೆ, ಯಾಕಂದರೆ ಪಗಾರ ನಿಂತರೂ ಕಂತು ನಿಲ್ಲುವುದಿಲ್ಲ. ಈ ಕಂತನ್ನು ಲೆಕ್ಕದಲ್ಲಿ ಮರೆಯುವವರೇ ಜಾಸ್ತಿ.

ಮೂರು ತಿಂಗಳಿಗೆ 66,000. ಆರು ತಿಂಗಳಿಗೆ 1,32,000.

ಮೂರೋ ಆರೋ? ಇದಕ್ಕೆ ಉತ್ತರ ನೌಕರಿಯ ಮೇಲೆ ನಿಂತಿದೆ. ಸರ್ಕಾರಿ ನೌಕರರಿಗೆ ಕಾಯಿಲೆ ಬಿದ್ದರೂ ರಜೆ ಪಗಾರ ಇರುತ್ತದೆ, ಅವರಿಗೆ ಮೂರು ಸಾಕು. ತಿಂಗಳ ಪಗಾರ 21,000ದೊಳಗೆ ಇದ್ದು ಇಎಸ್‌ಐ ಕಾರ್ಡ್ ಇರುವವರಿಗೆ, ಕಾಯಿಲೆ ರಜೆಯಲ್ಲಿ ಪಗಾರದ ಶೇ. 70ರಷ್ಟು ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ನಮ್ಮ ಊರಲ್ಲೇ ಇಎಸ್‌ಐ ಆಸ್ಪತ್ರೆಯೂ ಇದೆ. ಅಪ್ಪನ ಪಗಾರ ಆ ಮಿತಿ ದಾಟಿದೆ. ಅಂದರೆ ಇಎಸ್‌ಐ ಇಲ್ಲ, ಸರ್ಕಾರಿ ರಜೆಯೂ ಇಲ್ಲ. ನಡುವೆ ಸಿಕ್ಕಿಕೊಂಡ ಇಂಥ ಮನೆಗಳಿಗೇ ಆರು ತಿಂಗಳು ಬೇಕಾಗುವುದು. ಅಪ್ಪ ಮಿಲ್ಲಿಗೆ ವಾಪಸ್ ಹೋಗಲು ಹನ್ನೊಂದು ವಾರ ಹಿಡಿಯಿತು, ಅದೂ ತೊಗರಿ ಆವಕದ ಸೀಸನ್ ಮುಗಿಯುತ್ತಾ ಬಂದು ಮಿಲ್ಲಿನಲ್ಲಿ ಕೆಲಸ ಕಮ್ಮಿಯಾದಾಗ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ನಿಜ. ಆದರೆ ಅದು ಆಸ್ಪತ್ರೆಯ ಬಿಲ್ಲಿಗೆ. ಮನೆ ಬಾಡಿಗೆಗೆ ಯಾವ ಕಾರ್ಡೂ ಇಲ್ಲ.

ಇಷ್ಟು ರೊಕ್ಕ ಕೂಡಿಸುವುದು ಹೇಗೆ? ಖರ್ಚು ಬಿಗಿ ಮಾಡದೆಯೇ ಪಗಾರದಲ್ಲಿ ತಿಂಗಳಿಗೆ 2,000 ಉಳಿಯುತ್ತದೆ. ಅವ್ವನಿಗೆ ಗೃಹಲಕ್ಷ್ಮಿಯ 2,000 ಬರುತ್ತದೆ, ಆದರೆ ಕಂತು ತಡವಾಗುವುದೂ ಇದೆ. ಇದರ ಬಗ್ಗೆ ನಮ್ಮ ಮನೆಯಲ್ಲಿ ಜಗಳವೇ ಆಯಿತು. ಕಿರಾಣಿಗೆ ಹಾಕೋಣ ಅಂತ ಅಪ್ಪ, ಬೇಡ ಅಂತ ನಾವು. ಯಾವ ತಾರೀಖಿಗೆ ಬರುತ್ತದೆ ಅಂತ ಗೊತ್ತಿಲ್ಲದ ರೊಕ್ಕವನ್ನು ತಾರೀಖಿಗೆ ಸರಿಯಾಗಿ ಬರುವ ಖರ್ಚಿಗೆ ಕಟ್ಟಬಾರದು. ಕಟ್ಟಿದರೆ ಕಂತು ತಡವಾದ ತಿಂಗಳು ಅಂಗಡಿಯಲ್ಲಿ ಉದ್ರಿ ಶುರುವಾಗುತ್ತದೆ. ಅದೇ ಫಂಡಿಗೆ ಹಾಕಿದರೆ, ತಡವಾದರೂ ಯಾರ ಊಟವೂ ನಿಲ್ಲುವುದಿಲ್ಲ. ವರ್ಷಕ್ಕೆ ಹತ್ತು ಕಂತು ಬಂತು ಅಂತಲೇ ಹಿಡಿಯೋಣ, 20,000. ಪಗಾರದಿಂದ 24,000. ದೀಪಾವಳಿಗೆ ಮಿಲ್ಲಿನವರು ಕೊಡುವ 10,000. ವರ್ಷಕ್ಕೆ 54,000. ಸೊನ್ನೆಯಿಂದ ಶುರು ಮಾಡಿದರೂ ಮೂರು ತಿಂಗಳ ಗುರಿ ಹದಿನೈದು ತಿಂಗಳಲ್ಲಿ, ಆರು ತಿಂಗಳ ಗುರಿ ಎರಡೂವರೆ ವರ್ಷದಲ್ಲಿ ಮುಟ್ಟುತ್ತದೆ.

ಇದು ಎಲ್ಲರ ಮನೆಗೂ ಹೊಂದುವುದಿಲ್ಲ. ಈಗಾಗಲೇ ಮೂರು ರೂಪಾಯಿ ಬಡ್ಡಿಯ ಸಾಲ ಇರುವ ಮನೆ ಎಫ್‌ಡಿ ಮಾಡುವುದು ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ. ಅವರು ಹತ್ತು ಸಾವಿರ ಮಾತ್ರ ಕೈಯಲ್ಲಿಟ್ಟುಕೊಂಡು ಮೊದಲು ಆ ಸಾಲ ತೀರಿಸಬೇಕು. ಹತ್ತು ಸಾವಿರವನ್ನಾದರೂ ಯಾಕೆ ಇಡಬೇಕು ಅಂದರೆ, ಇಲ್ಲದಿದ್ದರೆ ಮುಂದಿನ ಜ್ವರಕ್ಕೆ ಮತ್ತೆ ಅದೇ ಸಾಹುಕಾರನ ಬಾಗಿಲಿಗೆ ಹೋಗಬೇಕಾಗುತ್ತದೆ.

‘ಮಂದಿ ಅದಾರಲ್ಲ’ ಅನ್ನುವ ಮಾತು

ನಮ್ಮ ಕಡೆ ಇದಕ್ಕೆಲ್ಲ ಒಂದೇ ಉತ್ತರ ಕೊಡುತ್ತಾರೆ: ಕಾಕಾ ಇದ್ದಾನೆ, ಮಾಮಾ ಇದ್ದಾನೆ, ಭಿಸಿ ಇದೆ. ಅವರೆಲ್ಲ ಇದ್ದದ್ದು ನಿಜ, ಅಪ್ಪ ಬಿದ್ದಾಗ ಕಾಕಾ ಹದಿನೈದು ಸಾವಿರ ತಂದುಕೊಟ್ಟ. ಆದರೆ 2020 ನೆನಪು ಮಾಡಿಕೊಳ್ಳಿ. ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ಕಲಬುರಗಿಯವರದೇ, ಆ ವರ್ಷ ಮಾರ್ಚ್‌ನಲ್ಲಿ. ಆಮೇಲೆ ಮಾರ್ಚ್ 25ರಿಂದ ಮೇ 31ರವರೆಗೆ ಇಡೀ ದೇಶ ಲಾಕ್‌ಡೌನ್, 68 ದಿನ. ನಾವು ಆಗ ಹೈಸ್ಕೂಲ್. ಕಾಕಾನ ಅಂಗಡಿ ಮುಚ್ಚಿತ್ತು, ಮಾಮಾನ ಆಟೋ ನಿಂತಿತ್ತು, ಭಿಸಿಯ ಹನ್ನೆರಡು ಮಂದಿಯಲ್ಲಿ ಕಂತು ಕಟ್ಟುವವರೇ ಇರಲಿಲ್ಲ. ಒಬ್ಬರ ಮನೆಗೆ ಕಷ್ಟ ಬಂದಾಗ ಮಂದಿ ಆಗುತ್ತಾರೆ. ಎಲ್ಲರ ಮನೆಗೂ ಒಮ್ಮೆಲೇ ಬಂದಾಗ ಮಂದಿಯ ಕೈಯೂ ಖಾಲಿ. ಬರಗಾಲಕ್ಕೆ ಹಗೇವು ಮಾಡಿಟ್ಟವರಿಗೆ ಇದು ಗೊತ್ತಿತ್ತು, ಬರ ಬಂದರೆ ಪಕ್ಕದ ಹೊಲವೂ ಒಣಗುತ್ತದೆ.

ಆಗ ಸಾಲದ ಕಂತು ಮುಂದಕ್ಕೆ ಹಾಕಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು, ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ ಕೊನೆಯವರೆಗೆ. ಬಹಳ ಜನ ಅದನ್ನು ಮಾಫಿ ಅಂದುಕೊಂಡರು. ಅದು ಮಾಫಿಯಲ್ಲ, ಆ ತಿಂಗಳುಗಳ ಬಡ್ಡಿ ಅಸಲಿಗೆ ಸೇರುತ್ತಾ ಹೋಯಿತು.

ಕೂಡಿಸಿದ್ದನ್ನು ಎಲ್ಲಿಡಬೇಕು ಅನ್ನುವುದಕ್ಕೂ ಒಂದು ಮಾತು. ನಮ್ಮ ಓಣಿಯಲ್ಲಿ ಒಂದಿಷ್ಟು ಜನ ಅರ್ಧ, ಒಂದು ಪರ್ಸೆಂಟ್ ಹೆಚ್ಚಿನ ಬಡ್ಡಿಗೆ ಪತ್ತಿನ ಸಹಕಾರ ಸಂಘಗಳಲ್ಲಿ ಇಡುತ್ತಾರೆ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ 5 ಲಕ್ಷದವರೆಗೆ ವಿಮೆ ಇದೆ. ಈ ವಿಮೆ ಸಹಕಾರಿ ಬ್ಯಾಂಕುಗಳಿಗೂ ಉಂಟು, ಆದರೆ ಪತ್ತಿನ ಸಂಘಗಳಿಗೆ ಇಲ್ಲ. ಬೋರ್ಡಿನ ಮೇಲೆ ‘ಬ್ಯಾಂಕ್’ ಅಂತ ಇದೆಯೋ ‘ಸಂಘ’ ಅಂತ ಇದೆಯೋ ಓದಬೇಕು. ವಿಮೆ ಇದ್ದರೂ ರೊಕ್ಕ ತಡವಾಗಿ ಕೈಗೆ ಬರಬಹುದು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಖಾತೆದಾರರಿಗೆ ತೆಗೆಯಲು ಸಿಕ್ಕಿದ್ದು 35,000 ರೂಪಾಯಿ ಮಾತ್ರ. ಅದಕ್ಕೇ ನಾವು ಸೇವಿಂಗ್ಸ್ ಖಾತೆ ಒಂದು ಬ್ಯಾಂಕಿನಲ್ಲಿ, ಎಫ್‌ಡಿಗಳು ಇನ್ನೊಂದರಲ್ಲಿ ಇಟ್ಟಿದ್ದೇವೆ.

ಒಮ್ಮೆ ತೆಗೆದು ನೋಡಿ

ಲ್ಯಾಬ್‌ನಲ್ಲಿ ನಮ್ಮ ಸರ್ ಒಂದು ಮಾತು ಹೇಳುತ್ತಿರುತ್ತಾರೆ: ವಾಪಸ್ ತೆಗೆದು ನೋಡದ ಬ್ಯಾಕಪ್ಪು ಬ್ಯಾಕಪ್ಪೇ ಅಲ್ಲ. ಅಪ್ಪನ ಎಫ್‌ಡಿ ಅಂಥ ಬ್ಯಾಕಪ್ ಆಗಿತ್ತು. ನಾಲ್ಕು ವರ್ಷ ಇತ್ತು, ಒಂದು ಸಲವೂ ಯಾರೂ ತೆಗೆದು ನೋಡಿರಲಿಲ್ಲ.

ಈ ಸಲ ದೀಪಾವಳಿ ರಜೆಗೆ ಹೋದಾಗ ನಾವು ಮನೆಯಲ್ಲಿ ಪರೀಕ್ಷೆ ಮಾಡಿದೆವು. ಅಪ್ಪನ ಫೋನ್ ತೆಗೆದು ಬೀರುವಿನಲ್ಲಿ ಇಟ್ಟೆವು. ಅಪ್ಪ ಏನೂ ಹೇಳಬಾರದು, ಅವ್ವ ಒಬ್ಬಳೇ ರೊಕ್ಕ ತರಬೇಕು. ಅವ್ವ ತನ್ನ ಕಾರ್ಡ್ ತೆಗೆದುಕೊಂಡು ಎಟಿಎಂಗೆ ಹೋದಳು. ಮೊದಲ ಸಲ ಪಿನ್ ತಪ್ಪು. ಎರಡನೇ ಸಲ 500 ಬಂತು. ಮಾರನೇ ದಿನ ಬ್ಯಾಂಕಿಗೆ ಹೋಗಿ ಒಂದು ಹತ್ತು ಸಾವಿರದ ಎಫ್‌ಡಿ ಮುರಿಸಿದಳು. ಅಲ್ಲಿ ಗೊತ್ತಾದದ್ದೇನೆಂದರೆ, ಅವಳ ಹಳೇ ಸಹಿ ಈಗಿನ ಸಹಿಗೆ ತಾಳೆಯಾಗುತ್ತಿರಲಿಲ್ಲ. ಹೊಸ ಸಹಿ ಕೊಟ್ಟು ಸರಿ ಮಾಡಿಸಿಕೊಂಡು ಬಂದಳು. ಇದೇ ಮಾತು ಆಸ್ಪತ್ರೆಯ ದಿನ ಗೊತ್ತಾಗಿದ್ದರೆ ಇನ್ನೊಂದು ಪಾಟ್ಲಿಯೂ ಹೋಗುತ್ತಿತ್ತು.

ಎಫ್‌ಡಿ ಮುರಿದದ್ದಕ್ಕೆ ಬಡ್ಡಿಯಲ್ಲಿ ನೂರು ರೂಪಾಯಿಯಷ್ಟು ಹೋಯಿತು. ಅಪ್ಪ ಗೊಣಗಿದ. ಅವ್ವ ಹೇಳಿದಳು: ‘ಇರ್ಲಿ ಬಿಡ್ರಿ, ಹಗೇವಿನ ಬಾಯಿ ಎಲ್ಲೈತಿ ಅಂತ ನನಗೂ ಗೊತ್ತಾತು.’

ಗೆಳೆಯರೇ, ಈ ಸಲ ಊರಿಗೆ ಹೋದಾಗ ನಿಮ್ಮ ಮನೆಯಲ್ಲಿ ಎಷ್ಟಿದೆ ಅಂತ ಕೇಳಬೇಡಿ, ಅಪ್ಪಂದಿರಿಗೆ ಆ ಪ್ರಶ್ನೆ ಹಿಡಿಸುವುದಿಲ್ಲ. ಅಪ್ಪನ ಫೋನ್ ಇಲ್ಲದೆ, ಅಪ್ಪನ ಸಹಿ ಇಲ್ಲದೆ ಅವ್ವ ನಾಳೆ ಬೆಳಿಗ್ಗೆ ಎಷ್ಟು ತರಬಲ್ಲಳು ಅಂತ ಮಾತ್ರ ಕೇಳಿ. ಬರುವ ಉತ್ತರವೇ ನಿಮ್ಮ ಮನೆಯ ನಿಜವಾದ ಫಂಡು. ನಮ್ಮ ಮನೆಯಲ್ಲಿ ಹೋದ ವರ್ಷ ಮಾರ್ಚ್‌ನಲ್ಲಿ ಅದು ಸೊನ್ನೆ ಇತ್ತು.